ಬ್ರ್ಯಾಂಡ್ ಪರಿಶೋಧನೆ: ಪ್ಯಾಕೆಟ್ಟಿನ ಮಾತು ಮತ್ತು ಮನೆಯ ಹಾಲು

ಬ್ರ್ಯಾಂಡ್ ಪರಿಶೋಧನೆ ಎಂದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಒಂದು ಹೆಸರು ಗ್ರಾಹಕರಿಗೆ ಏನೇನು ಮಾತು ಕೊಟ್ಟಿದೆ, ಗ್ರಾಹಕರ ಕೈಗೆ ನಿಜವಾಗಿ ಏನು ಸೇರುತ್ತಿದೆ ಎಂಬುದನ್ನು ಎದುರುಬದುರು ಇಟ್ಟು ನೋಡುವ ಕ್ರಮಬದ್ಧ ತಪಾಸಣೆ. ಲೆಕ್ಕ ಪರಿಶೋಧಕರು ಖಾತೆಯ ಪುಸ್ತಕವನ್ನು ಬ್ಯಾಂಕಿನ ಪಾಸ್ ಪುಸ್ತಕದೊಂದಿಗೆ ತಾಳೆ ನೋಡುವ ಹಾಗೆಯೇ ಇಲ್ಲಿ ಮಾತನ್ನು ಅನುಭವದೊಂದಿಗೆ ತಾಳೆ ನೋಡಲಾಗುತ್ತದೆ. ಎರಡರ ನಡುವೆ ಕಾಣುವ ವ್ಯತ್ಯಾಸವನ್ನು ಅಂತರ ಎನ್ನುತ್ತಾರೆ. ಅಂತರ ಇದೆ ಎಂದು ಹೇಳಿದರಷ್ಟೇ ಈ ಕೆಲಸ ಮುಗಿಯುವುದಿಲ್ಲ. ಮಾತು ಯಾರ ಕೈಯಿಂದ ಯಾರ ಕೈಗೆ ದಾಟುವಾಗ ಜಾರಿತು ಎಂಬುದನ್ನೂ ಗುರುತಿಸಬೇಕು.

ಈ ಲೇಖನ ಆ ವಿಧಾನವನ್ನು ಒಂದೇ ಒಂದು ವಸ್ತುವಿನ ಮೂಲಕ ವಿವರಿಸುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಮನೆಗಳಿಗೆ ಬೆಳಗಾಗುವ ಮುಂಚೆಯೇ ಬಂದು ಸೇರುವ ನಂದಿನಿ ಹಾಲಿನ ಪ್ಯಾಕೆಟ್ಟೇ ಆ ವಸ್ತು. ದಿನವೂ ಕೊಳ್ಳುವ, ದಿನವೂ ಕಾಯಿಸುವ, ಕೆಟ್ಟರೆ ಅಂದೇ ಗೊತ್ತಾಗುವ ಪದಾರ್ಥವಾದ್ದರಿಂದ ಮಾತಿಗೂ ಅನುಭವಕ್ಕೂ ಇರುವ ದೂರವನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ವಿಧಾನದ ಹಿನ್ನೆಲೆ

ಈ ಬಗೆಯ ತಪಾಸಣೆಗೆ ಬುನಾದಿ ಹಾಕಿದವರು ಅಮೆರಿಕದಲ್ಲಿ ಕೆಲಸ ಮಾಡಿದ ಮೂವರು ಸಂಶೋಧಕರು: ಎ. ಪರಶುರಾಮನ್, ವೆಲೆರಿ ಝೈತಮಲ್ ಮತ್ತು ಲಿಯೊನಾರ್ಡ್ ಬೆರಿ. 1985ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಗ್ರಾಹಕರ ಅತೃಪ್ತಿ ಹುಟ್ಟುವ ಜಾಗಗಳನ್ನು ಐದು ಅಂತರಗಳಾಗಿ ಬಿಡಿಸಿ ತೋರಿಸಿದರು. ಗ್ರಾಹಕರಿಗೆ ಏನು ಬೇಕೆಂಬುದು ಸಂಸ್ಥೆಗೆ ಗೊತ್ತಿಲ್ಲದಿರುವುದು ಮೊದಲನೆಯದು. ಗೊತ್ತಿದ್ದರೂ ಅದಕ್ಕೆ ತಕ್ಕ ನಿಯಮವನ್ನು ಬರೆದಿಡದಿರುವುದು ಎರಡನೆಯದು. ನಿಯಮ ಇದ್ದರೂ ಕೆಲಸ ಅದರಂತೆ ನಡೆಯದಿರುವುದು ಮೂರನೆಯದು. ನಡೆಯುವ ಕೆಲಸ ಒಂದು, ಜಾಹೀರಾತು ಅಥವಾ ಪ್ರಕಟಣೆ ಹೇಳುವುದು ಇನ್ನೊಂದು ಆಗಿರುವುದು ನಾಲ್ಕನೆಯದು. ಈ ನಾಲ್ಕೂ ಸೇರಿ ಕೊನೆಗೆ ಗ್ರಾಹಕರ ನಿರೀಕ್ಷೆಗೂ ಅನುಭವಕ್ಕೂ ನಡುವೆ ಬೀಳುವ ಬಿರುಕು ಐದನೆಯದು.

ಮುಂದೆ ಬ್ರ್ಯಾಂಡ್ ವಿಷಯದಲ್ಲಿ ಪಠ್ಯಪುಸ್ತಕ ಬರೆದ ಕೆವಿನ್ ಲೇನ್ ಕೆಲ್ಲರ್ ಪರಿಶೋಧನೆಯನ್ನು ಎರಡು ಭಾಗ ಮಾಡಿದರು. ಸಂಸ್ಥೆ ಏನು ಮಾರುತ್ತಿದೆ, ಏನು ಹೇಳುತ್ತಿದೆ ಎಂಬುದರ ಪೂರ್ತಿ ಪಟ್ಟಿ ಮೊದಲ ಭಾಗ. ಗ್ರಾಹಕರ ಮನಸ್ಸಿನಲ್ಲಿ ಆ ಹೆಸರಿನ ಬಗ್ಗೆ ಏನಿದೆ ಎಂಬುದರ ಶೋಧ ಎರಡನೆಯ ಭಾಗ. ಹಾಲಿನ ಉದಾಹರಣೆಯಲ್ಲಿ ಈ ಎರಡು ಭಾಗಗಳ ನಡುವೆ ಮೂರನೆಯದೊಂದನ್ನು ಸೇರಿಸಲೇಬೇಕಾಗುತ್ತದೆ. ಡೇರಿಯ ಬಾಗಿಲಿನಿಂದ ಅಡುಗೆಮನೆಯವರೆಗೆ ಹಾಲಿನ ಹಿಂದೆಯೇ ನಡೆದು ಅಳೆಯುವುದೇ ಆ ಮೂರನೆಯ ಭಾಗ.

ಮಾತು ಕೊಟ್ಟವರು ಯಾರು, ನಡೆಸುವವರು ಯಾರು

ಕರ್ನಾಟಕದ ಮೊದಲ ಹೈನು ಸಹಕಾರ ಸಂಘ ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ದಕ್ಷಿಣ ಜಿಲ್ಲೆಗಳಲ್ಲಿ ಹೈನು ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದೇ ಮುಂದೆ ಬೆಳೆದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ, ಅಂದರೆ ಕೆಎಂಎಫ್ ಆಯಿತು. ಹಾಸನ ಹಾಲು ಒಕ್ಕೂಟ 1977ರಲ್ಲಿ ಹುಟ್ಟಿತು. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ.

ಪರಿಶೋಧನೆಗೆ ಹೊರಟವರು ಮೊದಲು ತಿಳಿಯಬೇಕಾದದ್ದು ಈ ರಚನೆಯನ್ನೇ. ನಂದಿನಿ ಎಂಬ ಹೆಸರು ಮಹಾಮಂಡಳಿಯದು. ಪ್ಯಾಕೆಟ್ಟಿನ ವಿನ್ಯಾಸ, ಜಾಹೀರಾತು, ರಾಜ್ಯಕ್ಕೆಲ್ಲ ಅನ್ವಯಿಸುವ ಮಾರಾಟದ ದರ ಬೆಂಗಳೂರಿನ ಮಟ್ಟದಲ್ಲಿ ತೀರ್ಮಾನವಾಗುತ್ತವೆ. ಹಾಲನ್ನು ಹಳ್ಳಿಯ ಸಂಘಗಳಿಂದ ತಂದು, ಕಾಯಿಸಿ, ತಣಿಸಿ, ಪ್ಯಾಕ್ ಮಾಡುವುದು ಜಿಲ್ಲೆಯ ಒಕ್ಕೂಟ. ಅದನ್ನು ಊರೂರಿಗೆ ಒಯ್ಯುವುದು ಗುತ್ತಿಗೆಯ ರೂಟ್ ಗಾಡಿ. ಗ್ರಾಹಕರ ಕೈಗೆ ಕೊಡುವುದು ಕಮಿಷನ್ ಮೇಲೆ ದುಡಿಯುವ ಏಜೆಂಟ್, ಬೂತ್ ಅಥವಾ ಬೀದಿ ಕೊನೆಯ ದಿನಸಿ ಅಂಗಡಿ. ಮಾತು ಕೊಟ್ಟ ಬಾಯಿಗೂ ಅದನ್ನು ನಡೆಸುವ ಕೈಗೂ ನಡುವೆ ಹೀಗೆ ಮೂರು ನಾಲ್ಕು ಕೈಗಳಿವೆ. ಮನೆಯವರ ಕಣ್ಣಿಗೆ ಮಾತ್ರ ಇವೆಲ್ಲವೂ ಒಂದೇ. ಅಂಗಡಿಯ ಫ್ರಿಡ್ಜ್ ಕೆಟ್ಟು ಹಾಲು ಒಡೆದರೂ ಬೈಗುಳ ಬೀಳುವುದು ನಂದಿನಿಗೇ. ಆದ್ದರಿಂದ ಒಕ್ಕೂಟದ ಗೇಟಿನೊಳಗಿನ ದಾಖಲೆ ನೋಡಿ ಎಲ್ಲ ಸರಿಯಿದೆ ಎಂದು ಬರೆಯುವ ವರದಿಯನ್ನು ಬ್ರ್ಯಾಂಡ್ ಪರಿಶೋಧನೆ ಎನ್ನಲಾಗದು.

ಮೊದಲ ಹೆಜ್ಜೆ: ಮಾತುಗಳ ಪಟ್ಟಿ

ಪಟ್ಟಿ ಮಾಡಲು ಪ್ಯಾಕೆಟ್ಟನ್ನೇ ಮುಂದಿಟ್ಟುಕೊಂಡು ಕೂರಬೇಕು. ಅದರ ಮೇಲೆ ಅಚ್ಚಾದ ಪ್ರತಿಯೊಂದು ಸಾಲೂ ಒಂದು ಮಾತು. ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ಯಾವ ದಿನಾಂಕದೊಳಗೆ ಬಳಸಬೇಕು, ಎಷ್ಟು ತಣ್ಣಗೆ ಇಡಬೇಕು, ದೂರಿದ್ದರೆ ಯಾರನ್ನು ಸಂಪರ್ಕಿಸಬೇಕು ಎಂಬುವೆಲ್ಲ ಕಾನೂನಿನ ಬಲವಿರುವ ಮಾತುಗಳು. ಹಾಲಿನ ಬಗೆಯೂ ಅಷ್ಟೇ. ಜನ ನೀಲಿ ಪ್ಯಾಕೆಟ್ ಎನ್ನುವ ಟೋನ್ಡ್ ಹಾಲಿನಲ್ಲಿ ಶೇ 3ರಷ್ಟು ಕೊಬ್ಬು, ಶೇ 8.5ರಷ್ಟು ಕೊಬ್ಬೇತರ ಘನಾಂಶ ಇರಬೇಕು. ಹಸಿರು ಪ್ಯಾಕೆಟ್ ಎನ್ನುವ ಹೋಮೊಜಿನೈಸ್ಡ್ ಹಸುವಿನ ಹಾಲಿನಲ್ಲಿ ಕೊಬ್ಬು ಶೇ 3.5.

ಇನ್ನು ಅಚ್ಚಾಗದ ಮಾತುಗಳೂ ಇವೆ. ಬೆಳಗಿನ ಕಾಫಿಗೆ ಹಾಲು ಹೊತ್ತಿಗೆ ಸಿಗುತ್ತದೆ, ಇದು ನಮ್ಮ ರೈತರದೇ ಹಾಲು, ಮಕ್ಕಳಿಗೆ ಕಣ್ಣುಮುಚ್ಚಿ ಕೊಡಬಹುದು ಎಂಬ ನಂಬಿಕೆಗಳನ್ನು ನಾಲ್ಕು ದಶಕಗಳ ಜಾಹೀರಾತು ಮತ್ತು ಅಭ್ಯಾಸ ಕಟ್ಟಿವೆ. ಹಾಸನದ ಸುತ್ತ ಈ ನಂಬಿಕೆಯ ತೂಕ ಹೆಚ್ಚು. ಇಲ್ಲಿ ಪ್ಯಾಕೆಟ್ ಕೊಳ್ಳುವ ಪೇಟೆಯ ಮನೆಯವರ ನೆಂಟರೇ ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುವವರಾಗಿರುತ್ತಾರೆ. ಹಾಲು ಕರೆದ ಕೈಯಿಂದಲೇ ಕಾಫಿ ಲೋಟ ಹಿಡಿದವರಿಗೆ ಹಾಲು ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಮಾತಿನ ಎದುರಿಗೆ ಅದನ್ನು ಹೇಗೆ ಪರೀಕ್ಷಿಸಬಹುದು ಎಂದು ಬರೆಯಬೇಕು. ಪರೀಕ್ಷಿಸಲಾಗದ ಮಾತನ್ನು ಪರೀಕ್ಷೆಗೆ ಸಿಗುವಂತೆ ಬಿಡಿಸಿಕೊಳ್ಳಬೇಕು. ‘ತಾಜಾ ಹಾಲು’ ಎಂಬುದು ಅಳತೆಗೆ ಸಿಗುವುದಿಲ್ಲ. ‘ಪ್ಯಾಕ್ ಆದ ಎಷ್ಟು ಗಂಟೆಯಲ್ಲಿ ಮನೆಗೆ ಬಂತು, ಬಂದಾಗ ಎಷ್ಟು ಡಿಗ್ರಿ ಇತ್ತು’ ಎಂಬುದು ಸಿಗುತ್ತದೆ.

ಎರಡನೆಯ ಹೆಜ್ಜೆ: ಹಾಲಿನ ಹಿಂದೆ ನಡೆದು ಅಳೆಯುವುದು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಗಾಡಿ ನೇರ ಹೋದರೆ ಒಂದು ಗಂಟೆಯ ದಾರಿ. ಆದರೆ ರೂಟ್ ಗಾಡಿ ನೇರ ಹೋಗುವುದಿಲ್ಲ. ದಾರಿಯ ಹಳ್ಳಿಗಳಲ್ಲಿ ನಿಂತು ಕ್ರೇಟ್ ಇಳಿಸುತ್ತ, ಖಾಲಿ ಕ್ರೇಟ್ ಏರಿಸಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ ಅಳೆಯಬೇಕಾದದ್ದು ಹೊತ್ತು. ಕಿಲೋಮೀಟರ್ ಲೆಕ್ಕ ಸಾಲದು.

ಒಂದು ಸಣ್ಣ ಪರಿಶೋಧನೆಗೆ ಪ್ರತಿ ಊರಿನಲ್ಲಿ ಆರು ಮಾರಾಟದ ಜಾಗಗಳನ್ನು ಆರಿಸಿದರೆ ಸಾಕು: ಎರಡು ಪಾರ್ಲರ್, ಎರಡು ಬೂತ್, ಎರಡು ದಿನಸಿ ಅಂಗಡಿ. ಒಂದೊಂದು ಜಾಗಕ್ಕೂ ಬೆಳಿಗ್ಗೆ ಐದೂವರೆ, ಮಧ್ಯಾಹ್ನ, ಸಂಜೆ ಏಳು ಹೀಗೆ ಮೂರು ಹೊತ್ತು ಹೋದರೆ ನಾಲ್ಕು ಊರಿಗೆ 72 ಭೇಟಿ ಆಗುತ್ತದೆ. ಇದನ್ನೇ ಬಿಸಿಲಿನ ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಬೇಕು. ಹಾಸನಾಂಬೆಯ ಬಾಗಿಲು ತೆರೆದು ಊರು ತುಂಬುವ ದಿನಗಳನ್ನು ಬೇರೆಯಾಗಿಯೇ ನೋಡಬೇಕು. ಏಕೆಂದರೆ ಬೇಡಿಕೆ ಏಕಾಏಕಿ ಏರಿದಾಗಲೇ ವ್ಯವಸ್ಥೆಯ ಬಿರುಕು ಹೊರಗೆ ಕಾಣುತ್ತದೆ. ಹೋದವರು ತಾವು ತಪಾಸಣೆಗೆ ಬಂದವರೆಂದು ಹೇಳಿಕೊಳ್ಳದೆ ಎಲ್ಲರಂತೆ ಒಂದು ಪ್ಯಾಕೆಟ್ ಕೊಳ್ಳುತ್ತಾರೆ. ಕೇಳಿದ ಬೆಲೆ, ಕೊಟ್ಟ ಚಿಲ್ಲರೆ, ಪ್ಯಾಕೆಟ್ಟಿನ ದಿನಾಂಕ ಮತ್ತು ಬ್ಯಾಚ್, ಅದು ಫ್ರಿಡ್ಜ್‌ನಿಂದ ಬಂತೋ ಕ್ರೇಟಿನಿಂದ ಬಂತೋ ಎಂಬುದನ್ನು ಹೊರಗೆ ಬಂದ ತಕ್ಷಣ ಬರೆದುಕೊಳ್ಳುತ್ತಾರೆ.

ಉಷ್ಣತೆ ಅಳೆಯಲು ಪ್ಯಾಕೆಟ್ ಕತ್ತರಿಸಬೇಕಿಲ್ಲ. ಒಂದೇ ಕಡೆಯಿಂದ ಕೊಂಡ ಎರಡು ಪ್ಯಾಕೆಟ್ಟುಗಳನ್ನು ಒಂದರ ಮೇಲೊಂದು ಒತ್ತಿಟ್ಟು, ನಡುವೆ ಕಡ್ಡಿಯಂಥ ಥರ್ಮಾಮೀಟರ್ ತೂರಿಸಿ, ಅಂಕಿ ನಿಲ್ಲುವವರೆಗೆ ಎರಡು ಮೂರು ನಿಮಿಷ ಹಿಡಿದರೆ ಒಳಗಿನ ಹಾಲಿನ ಉಷ್ಣತೆಗೆ ಬಹಳ ಹತ್ತಿರದ ಅಂಕಿ ಸಿಗುತ್ತದೆ. ದೂರದಿಂದ ಕಿರಣ ಬಿಟ್ಟು ಓದುವ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದು ಪ್ಯಾಕೆಟ್ಟಿನ ಹೊರಮೈಯನ್ನಷ್ಟೇ ನೋಡುತ್ತದೆ, ಅದರ ಮೇಲೆ ಬೆವರಿದ ನೀರಿದ್ದರಂತೂ ಅಂಕಿ ಇನ್ನಷ್ಟು ತಪ್ಪುತ್ತದೆ.

ಪ್ರಮಾಣವನ್ನು ಅಳತೆಯ ಲೋಟಕ್ಕೆ ಸುರಿದು ನೋಡುವುದಕ್ಕಿಂತ ತೂಗಿ ನೋಡುವುದು ನಿಖರ. ಟೋನ್ಡ್ ಹಾಲು ನೀರಿಗಿಂತ ಸ್ವಲ್ಪ ಭಾರ, ಒಂದು ಮಿಲಿಲೀಟರಿಗೆ ಸುಮಾರು 1.03 ಗ್ರಾಂ. ಅಂದರೆ 500 ಮಿ.ಲೀ. ಹಾಲು ಸುಮಾರು 515 ಗ್ರಾಂ ತೂಗಬೇಕು. ಖಾಲಿ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಬೇರೆ ತೂಗಿ ಕಳೆಯಬೇಕು. ಪ್ಯಾಕ್ ಮಾಡುವ ಯಂತ್ರದಲ್ಲಿ ಅಲ್ಪ ಏರುಪೇರು ಸಹಜವೆಂದು ಕಾನೂನು ಮಾಪನದ ನಿಯಮಗಳೇ ಒಪ್ಪುತ್ತವೆ. 500 ಮಿ.ಲೀ. ಪ್ಯಾಕೆಟ್ಟಿಗೆ ಆ ವಿನಾಯಿತಿ ಶೇ 3, ಅಂದರೆ 15 ಮಿ.ಲೀ. ಆದರೆ ಇದು ಒಂದೊಂದು ಪ್ಯಾಕೆಟ್ಟಿಗೆ ಮಾತ್ರ ಸಲ್ಲುವ ವಿನಾಯಿತಿ. ತೂಗಿದ ಪ್ಯಾಕೆಟ್ಟುಗಳ ಸರಾಸರಿ ಅಚ್ಚಾದ ಪ್ರಮಾಣಕ್ಕಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಒಂದು ಪ್ಯಾಕೆಟ್ 505 ಗ್ರಾಂ ಬಂದರೆ ಗಾಬರಿಯಾಗಬೇಕಿಲ್ಲ, ಇಪ್ಪತ್ತಕ್ಕೆ ಇಪ್ಪತ್ತೂ ಹಾಗೇ ಬಂದರೆ ಯಂತ್ರದ ಕಡೆ ಬೆರಳು ತೋರಿಸಬೇಕು.

ಮೂರನೆಯ ಹೆಜ್ಜೆ: ಮನೆಯಲ್ಲಿ ಕೇಳುವುದು

ಡೇರಿಯ ದೂರಿನ ಪುಸ್ತಕ ಖಾಲಿಯಿದ್ದರೆ ಗ್ರಾಹಕರಿಗೆ ತೃಪ್ತಿಯಿದೆ ಎಂದು ತಿಳಿಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಒಡೆದ ಹಾಲಿನ ದೂರು ಡೇರಿಯವರೆಗೆ ಹೋಗುವುದೇ ಇಲ್ಲ. ಮನೆಯವರು ಪರಿಚಯದ ಅಂಗಡಿಯವರ ಹತ್ತಿರ ಹೇಳುತ್ತಾರೆ, ಅವರು ಮುಖ ನೋಡಿ ಇನ್ನೊಂದು ಪ್ಯಾಕೆಟ್ ಕೊಡುತ್ತಾರೆ. ಆ ನಷ್ಟವನ್ನು ತಾವೇ ನುಂಗುತ್ತಾರೆ, ಇಲ್ಲವೇ ಸೋರಿದ ಪ್ಯಾಕೆಟ್ಟುಗಳ ಲೆಕ್ಕದಲ್ಲಿ ಸೇರಿಸಿ ಗಾಡಿಯವರಿಗೆ ಹಿಂದಿರುಗಿಸುತ್ತಾರೆ. ಡೇರಿಯ ಕಡತದಲ್ಲಿ ಅದು ಲೀಕ್ ಪ್ಯಾಕೆಟ್ ಎಂದು ದಾಖಲಾಗುತ್ತದೆ. ಹುಳಿಯಾದ ಹಾಲಿನ ಸುದ್ದಿ ಹೀಗೆ ಹೆಸರು ಬದಲಿಸಿಕೊಂಡು ಮಾಯವಾಗುತ್ತದೆ.

ಆದ್ದರಿಂದ ಮನೆಗಳಲ್ಲಿ ಕೇಳಬೇಕು, ಅದೂ ಸರಿಯಾದ ಪ್ರಶ್ನೆ ಕೇಳಬೇಕು. ‘ಹಾಲು ಹೇಗಿದೆಯಮ್ಮ?’ ಎಂದರೆ ‘ಚೆನ್ನಾಗಿದೆ’ ಎಂಬ ಸೌಜನ್ಯದ ಉತ್ತರ ಬರುತ್ತದೆ. ‘ಹೋದ ಸಲ ಹಾಲು ಒಡೆದದ್ದು ಯಾವಾಗ? ಅವತ್ತು ಏನು ಮಾಡಿದಿರಿ?’ ಎಂದರೆ ನಡೆದ ಕಥೆ ಹೊರಬರುತ್ತದೆ. ಒಪ್ಪುವ ಕೆಲವು ಮನೆಗಳಲ್ಲಿ ಎರಡು ವಾರ ಒಂದು ನೋಟುಪುಸ್ತಕ ಇಡಿಸುವುದು ಇನ್ನೂ ಒಳ್ಳೆಯದು. ಎಷ್ಟು ಹೊತ್ತಿಗೆ ತಂದರು, ಎಷ್ಟು ಹೊತ್ತಿಗೆ ಕಾಯಿಸಿದರು, ಒಡೆಯಿತೇ, ಕೆನೆ ಕಟ್ಟಿತೇ, ಹೆಪ್ಪು ಹಾಕಿದ್ದು ಗಟ್ಟಿಯಾಯಿತೇ ಎಂಬಷ್ಟೇ ಬರೆದರೆ ಸಾಕು.

ಒಂದು ದೂರಿನ ಬೆನ್ನುಹತ್ತಿ: ಕಾಯಿಸಿದರೆ ಒಡೆಯುವ ಹಾಲು

ಅಳತೆಯಿಂದ ಕಾರಣದವರೆಗೆ ಹೋಗುವ ಬಗೆಯನ್ನು ತೋರಿಸಲು ಕೆಳಗಿನ ಉದಾಹರಣೆಯನ್ನು ಕಟ್ಟಲಾಗಿದೆ. ಇದರ ಅಂಕಿಗಳು ಯಾವ ಡೇರಿಯ ಅಥವಾ ಅಂಗಡಿಯ ದಾಖಲೆಯಿಂದಲೂ ತೆಗೆದವಲ್ಲ.

ಹಾಸನದಿಂದ ಒಂದು ಗಂಟೆ ದೂರದ ಪೇಟೆಯೊಂದರಲ್ಲಿ ಬೇಸಿಗೆ ಬಂದರೆ ಮಧ್ಯಾಹ್ನ ತಂದ ಹಾಲು ಕಾಯಿಸುವಾಗ ಒಡೆಯುತ್ತದೆ ಎಂದು ಹಲವು ಮನೆಗಳವರು ಹೇಳುತ್ತಾರೆ ಎನ್ನೋಣ. ಪ್ಯಾಕೆಟ್ ಹೇಳುವುದು 8 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿಟ್ಟರೆ ಇಂಥ ದಿನಾಂಕದವರೆಗೆ ಚೆನ್ನಾಗಿರುತ್ತದೆ ಎಂದು. ಮಾತು ತಪ್ಪಿದೆ ಎಂಬುದು ಸ್ಪಷ್ಟ. ಎಲ್ಲಿ ತಪ್ಪಿದೆ?

ಮೊದಲ ಅನುಮಾನ ಡೇರಿಯ ಮೇಲೆ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ, ತಕ್ಷಣ 4 ಡಿಗ್ರಿಗೆ ಇಳಿಸುವುದು ಪಾಶ್ಚರೀಕರಣದ ರೂಢಿಯ ಕ್ರಮ. ಇದರಲ್ಲಿ ಲೋಪವಾಗಿದ್ದರೆ ಆ ಬ್ಯಾಚಿನ ಹಾಲು ಎಲ್ಲೇ ಇದ್ದರೂ ಬೇಗ ಕೆಡಬೇಕು. ಅದನ್ನು ತಿಳಿಯಲು ಅದೇ ಬ್ಯಾಚಿನ ಐದು ಪ್ಯಾಕೆಟ್ಟುಗಳನ್ನು ಡೇರಿಯ ಶೀತಲ ಕೋಣೆಯಲ್ಲೇ ಉಳಿಸಿಕೊಳ್ಳುತ್ತಾರೆ. ಮರುದಿನ ಆ ಐದನ್ನೂ ಪೇಟೆಯ ಅಂಗಡಿಯಿಂದ ಕೊಂಡ ಐದನ್ನೂ ಒಟ್ಟಿಗೆ ಪರೀಕ್ಷಿಸುತ್ತಾರೆ. ಪರೀಕ್ಷೆ ಸರಳ: ಗಾಜಿನ ನಳಿಕೆಯಲ್ಲಿ 5 ಮಿ.ಲೀ. ಹಾಲು ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಹೊರತೆಗೆದು ವಾಲಿಸಿ, ಗಾಜಿಗೆ ಕಣ ಅಂಟಿದೆಯೇ ನೋಡುವುದು. ಶೀತಲ ಕೋಣೆಯ ಐದೂ ಸರಿಯಾಗಿವೆ, ಅಂಗಡಿಯ ಐದರಲ್ಲಿ ಮೂರು ಒಡೆದಿವೆ ಎಂದಾದರೆ ಡೇರಿಯೊಳಗಿನ ಕೆಲಸದ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ, ಕಣ್ಣು ದಾರಿಯ ಕಡೆ ತಿರುಗುತ್ತದೆ.

ಈಗ ದಾರಿಯ ಅಳತೆ. ಗಾಡಿಗೆ ಏರಿಸುವಾಗ 5 ಡಿಗ್ರಿ. ಬೆಳಿಗ್ಗೆ ನಾಲ್ಕೂವರೆಗೆ ಅಂಗಡಿಯ ಮುಂದೆ ಇಳಿಸುವಾಗ 7 ಡಿಗ್ರಿ. ಆರೂವರೆಗೆ ಅಂಗಡಿ ತೆರೆದು ಕ್ರೇಟ್ ಒಳಗೆ ತೆಗೆದುಕೊಳ್ಳುವಾಗ 16 ಡಿಗ್ರಿ. ಫ್ರಿಡ್ಜ್‌ಗೆ ಸೇರಿಸಿದ ಮೂರು ಗಂಟೆಯ ಮೇಲೆ 13 ಡಿಗ್ರಿ. ಮಧ್ಯಾಹ್ನ ಮನೆಗೆ ಹೋಗುವಾಗಲೂ 12 ಡಿಗ್ರಿ.

ಕಥೆ ಈ ಐದು ಅಂಕಿಗಳಲ್ಲಿದೆ. ಗಾಡಿಯ ದಾರಿಯಲ್ಲಿ ಏರಿದ್ದು ಎರಡೇ ಡಿಗ್ರಿ. ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಎರಡು ಗಂಟೆ ಕೂತಾಗ ಏರಿದ್ದು ಒಂಬತ್ತು. ಆಮೇಲೆ ಫ್ರಿಡ್ಜ್‌ಗೆ ಹಾಕಿದರೂ ಅದು 8 ಡಿಗ್ರಿಗೆ ಇಳಿಯಲಿಲ್ಲ. ಅಂಗಡಿಯ ಗಾಜಿನ ಬಾಗಿಲಿನ ಫ್ರಿಡ್ಜ್ ತಣ್ಣಗಿರುವುದನ್ನು ತಣ್ಣಗೇ ಇಡಬಲ್ಲದು. ಬೆಚ್ಚಗಾದ ನೂರು ಪ್ಯಾಕೆಟ್ಟುಗಳನ್ನು ಒತ್ತೊತ್ತಾಗಿ ತುಂಬಿ, ನಿಮಿಷಕ್ಕೊಮ್ಮೆ ಬಾಗಿಲು ತೆರೆದರೆ ಅವನ್ನು ತಣಿಸುವ ಶಕ್ತಿ ಅದಕ್ಕಿಲ್ಲ. ಬಿಗಿಯಾಗಿ ಜೋಡಿಸಿದ ಪ್ಯಾಕೆಟ್ಟುಗಳ ನಡುವೆ ತಂಪು ಗಾಳಿ ಓಡಾಡಲು ಜಾಗವೂ ಇರುವುದಿಲ್ಲ.

ಮೇಲ್ನೋಟಕ್ಕೆ ಇದು ಅಂಗಡಿಯವರ ಅಲಕ್ಷ್ಯ, ಅಂದರೆ ಮೂರನೆಯ ಅಂತರ. ಆದರೆ ಒಂದು ಪ್ರಶ್ನೆ ಕೇಳಬೇಕು: ಕ್ರೇಟ್ ಇಳಿಸಿದ ಮೇಲೆ ಎಷ್ಟು ನಿಮಿಷದೊಳಗೆ ಫ್ರಿಡ್ಜ್ ಸೇರಬೇಕೆಂಬ ನಿಯಮ ಯಾರಾದರೂ ಬರೆದಿದ್ದಾರೆಯೇ? ಗಾಡಿಯವರ ಕರಾರಿನಲ್ಲಿ ಇಷ್ಟು ಗಂಟೆಯೊಳಗೆ ತಲುಪಿಸಬೇಕು ಎಂದಿದೆ, ಅವರು ಅದಕ್ಕೂ ಮೊದಲೇ ತಲುಪಿಸುತ್ತಾರೆ. ಏಜೆಂಟರ ಕರಾರಿನಲ್ಲಿ ಫ್ರಿಡ್ಜ್ ಇರಬೇಕು ಎಂದಿದೆ, ಫ್ರಿಡ್ಜ್ ಇದೆ. ಇಬ್ಬರೂ ತಮ್ಮ ಕೆಲಸ ಮಾಡಿದ್ದಾರೆ, ನಡುವಿನ ಎರಡು ಗಂಟೆ ಮಾತ್ರ ಯಾರ ಪಾಲಿಗೂ ಸೇರಿಲ್ಲ. ಇದು ಎರಡನೆಯ ಅಂತರ, ನಿಯಮವೇ ಇಲ್ಲದ ಜಾಗ. ಅಂಗಡಿಯವರಿಗೆ ನೋಟಿಸ್ ಕೊಟ್ಟರೆ ಇದು ಮುಚ್ಚುವುದಿಲ್ಲ. ಆ ಪೇಟೆಯನ್ನು ರೂಟಿನ ಕೊನೆಗೆ ಹಾಕಿ ಗಾಡಿ ಆರು ಗಂಟೆಗೆ ಬರುವಂತೆ ಮಾಡುವುದು, ಇಲ್ಲವೇ ಬೀಗವಿರುವ ಉಷ್ಣ ನಿರೋಧಕ ಪೆಟ್ಟಿಗೆ ಕೊಡುವುದು, ಮಧ್ಯಾಹ್ನದ ಮಾರಾಟಕ್ಕೆ ಬೇಕಾದ ಹಾಲನ್ನು ಬೆಳಗಿನ ಇಂಡೆಂಟಿನಿಂದ ತೆಗೆದು ಎರಡನೆಯ ಗಾಡಿಗೆ ಹಾಕುವುದು ಇದಕ್ಕೆ ಮದ್ದು. ಯಾವುದನ್ನು ಮಾಡಿದರೂ ಹದಿನೈದು ದಿನ ಬಿಟ್ಟು ಅದೇ ಐದು ಜಾಗಗಳಲ್ಲಿ ಮತ್ತೆ ಅಳೆದಾಗಲೇ ಪರಿಶೋಧನೆ ಮುಗಿದಂತೆ.

ಹಾಲು ಸರಿಯಿದ್ದೂ ಮಾತು ತಪ್ಪಿದಂತೆ ಕಾಣುವುದು

ಎಲ್ಲ ದೂರುಗಳ ಹಿಂದೆಯೂ ಕೆಟ್ಟ ಹಾಲೇ ಇರುವುದಿಲ್ಲ. ‘ಹಸಿರು ಪ್ಯಾಕೆಟ್ಟಿನ ಹಾಲು ಕೆನೆಯೇ ಕಟ್ಟುವುದಿಲ್ಲ, ನೀರು ಬೆರೆಸಿದ್ದಾರೆ’ ಎಂಬ ಮಾತು ಇದಕ್ಕೆ ಒಳ್ಳೆಯ ನಿದರ್ಶನ. ಕಾಯಿಸಿ ಆರಿಸಿದ ಹಾಲಿನ ಮೇಲೆ ದಪ್ಪ ಕೆನೆ ಬಂದರೆ ಅದು ಗಟ್ಟಿ ಹಾಲು ಎಂಬುದು ನಮ್ಮ ಮನೆಗಳ ಹಳೆಯ ಲೆಕ್ಕ. ಹಸು ಕಟ್ಟಿದ ಮನೆಯಲ್ಲಿ ಆ ಲೆಕ್ಕ ಸರಿಯಾಗಿಯೇ ಇತ್ತು.

ಹೋಮೊಜಿನೈಸ್ ಮಾಡಿದ ಹಾಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಾಲನ್ನು ಭಾರೀ ಒತ್ತಡದಲ್ಲಿ ಕಿರಿದಾದ ಸಂದಿಯ ಮೂಲಕ ತಳ್ಳಿದಾಗ ಅದರೊಳಗಿನ ಕೊಬ್ಬಿನ ಗೋಲಿಗಳು ಒಡೆದು ಅತಿ ಸಣ್ಣ ಕಣಗಳಾಗುತ್ತವೆ. ಅಷ್ಟು ಸಣ್ಣ ಕಣಗಳು ಮೇಲಕ್ಕೆ ತೇಲಿ ಬಂದು ಒಂದಾಗಲಾರವು, ಹಾಲಿನ ತುಂಬ ಹರಡಿಕೊಂಡೇ ಇರುತ್ತವೆ. ಹಾಗಾಗಿ ಶೇ 3.5 ಕೊಬ್ಬಿರುವ ಹಸಿರು ಪ್ಯಾಕೆಟ್ಟಿನ ಹಾಲಿಗೆ ತೆಳ್ಳನೆಯ ಕೆನೆ, ಶೇ 3 ಕೊಬ್ಬಿರುವ ನೀಲಿ ಪ್ಯಾಕೆಟ್ಟಿನ ಹಾಲಿಗೆ ಅದಕ್ಕಿಂತ ದಪ್ಪ ಕೆನೆ ಬರುವುದು ಸಾಧ್ಯ. ಹೆಚ್ಚು ಬೆಲೆ ಕೊಟ್ಟವರಿಗೆ ಕಡಿಮೆ ಕೆನೆ ಕಂಡಾಗ ಮೋಸವಾಯಿತೆಂದು ಅನ್ನಿಸುವುದರಲ್ಲಿ ಅವರ ತಪ್ಪೇನೂ ಇಲ್ಲ.

ಇಲ್ಲಿ ಡೇರಿಯ ಪ್ರಯೋಗಾಲಯ ಕೊಬ್ಬು ಅಳೆದು ಎಲ್ಲ ಸರಿಯಿದೆ ಎಂದರೆ ಅದು ನಿಜವೇ ಹೌದು. ಆದರೂ ಅಂತರ ಹಾಗೇ ಉಳಿಯುತ್ತದೆ. ಏಕೆಂದರೆ ಇದು ಮೊದಲನೆಯ ಅಂತರ: ಗ್ರಾಹಕರು ಹಾಲನ್ನು ಯಾವ ಗುರುತಿನಿಂದ ಅಳೆಯುತ್ತಾರೆ ಎಂಬುದನ್ನು ಸಂಸ್ಥೆ ಗಮನಿಸಿಲ್ಲ. ಪ್ಯಾಕೆಟ್ಟಿನ ಮೇಲಿನ ‘ಹೋಮೊಜಿನೈಸ್ಡ್’ ಎಂಬ ಪದ ಅಡುಗೆಮನೆಯಲ್ಲಿ ಏನನ್ನೂ ಹೇಳುವುದಿಲ್ಲ. ‘ಈ ಹಾಲಿನ ಕೆನೆ ಹಾಲಿನೊಳಗೇ ಬೆರೆತಿರುತ್ತದೆ, ಮೇಲೆ ಕಟ್ಟುವುದು ಕಡಿಮೆ’ ಎಂಬ ಒಂದು ಸಾಲು ಕನ್ನಡದಲ್ಲಿ ಅಚ್ಚಾಗಿದ್ದರೆ, ಬೆಣ್ಣೆ ತೆಗೆಯುವವರಿಗೆ ಬೇರೆ ಪ್ಯಾಕೆಟ್ ಕೊಳ್ಳಿ ಎಂದು ಬೂತಿನವರೇ ಹೇಳುವಂತಿದ್ದರೆ ಈ ದೂರು ಬಹಳಷ್ಟು ಕರಗುತ್ತದೆ.

ಲೆಕ್ಕ ಸರಿ, ಅನುಭವ ಬೇರೆ: ಐವತ್ತು ಮಿಲಿಲೀಟರಿನ ಪಾಠ

ನಾಲ್ಕನೆಯ ಅಂತರಕ್ಕೆ, ಅಂದರೆ ಪ್ರಕಟಣೆಗೂ ಅನುಭವಕ್ಕೂ ನಡುವಿನ ದೂರಕ್ಕೆ, ಇತ್ತೀಚಿನ ದರದ ಇತಿಹಾಸವೇ ಉದಾಹರಣೆ. 2023ರ ಮಾರ್ಚ್‌ನಲ್ಲಿ ಕೆನೆಭರಿತ ಹಾಲಿನ ಒಂದು ಲೀಟರ್ ಪ್ಯಾಕೆಟ್ಟಿನ ಬೆಲೆ 50 ರೂಪಾಯಿಯಾಗಿಯೇ ಉಳಿದು ಪ್ರಮಾಣ 900 ಮಿ.ಲೀ.ಗೆ ಇಳಿಯಿತು. 2024ರ ಜೂನ್ 26ರಿಂದ ಇದರ ತಿರುವುಮುರುವು ನಡೆಯಿತು. ಪ್ರತಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಸೇರಿಸಿ ಎರಡು ರೂಪಾಯಿ ಹೆಚ್ಚು ಪಡೆಯಲಾಯಿತು. ಟೋನ್ಡ್ ಹಾಲಿನ ಲೀಟರ್ ಪ್ಯಾಕೆಟ್ 42 ರೂಪಾಯಿ ಇದ್ದದ್ದು 1,050 ಮಿ.ಲೀ.ಗೆ 44 ರೂಪಾಯಿ ಆಯಿತು.

ಇದು ದರ ಏರಿಕೆ ಅಲ್ಲ, ಹೆಚ್ಚುವರಿ ಹಾಲಿಗೆ ಹೆಚ್ಚುವರಿ ಹಣ ಎಂದು ಸರ್ಕಾರ ವಿವರಿಸಿತು. ಲೆಕ್ಕ ಹಾಕಿದರೆ ಅದು ನಿಜ. 44ನ್ನು 1.05ರಿಂದ ಭಾಗಿಸಿದರೆ ಲೀಟರಿಗೆ 41 ರೂಪಾಯಿ 90 ಪೈಸೆ, ಹೆಚ್ಚು ಕಡಿಮೆ ಹಳೆಯ ದರದಷ್ಟೇ. ಆದರೆ ಮನೆಯವರು ಹಾಲನ್ನು ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ದಿನಕ್ಕೆ ಒಂದು ಲೀಟರ್ ಪ್ಯಾಕೆಟ್ ಕೊಳ್ಳುವ ಮನೆಗೆ 30 ದಿನದ ತಿಂಗಳಿನಲ್ಲಿ 60 ರೂಪಾಯಿ ಹೆಚ್ಚಿತು. ಹೆಚ್ಚು ಬಂದ 50 ಮಿ.ಲೀ. ಅವರು ಕೇಳಿದ್ದಲ್ಲ, ಬೇಡ ಎನ್ನಲು ಹಳೆಯ ಅಳತೆಯ ಪ್ಯಾಕೆಟ್ ಅಂಗಡಿಯಲ್ಲಿರಲಿಲ್ಲ. ಮುಂದೆ 2025ರ ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕು ರೂಪಾಯಿ ಏರಿಸಿ, ಆ ಹೆಚ್ಚುವರಿ 50 ಮಿ.ಲೀ.ಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಲೆಕ್ಕ ಸರಿಯಿದ್ದರೂ ಮೂರು ವರ್ಷದೊಳಗೆ ಪ್ಯಾಕೆಟ್ಟಿನ ಅಳತೆಯೇ ಹಿಗ್ಗಿ ಕುಗ್ಗಿದರೆ ಗ್ರಾಹಕರಿಗೆ ಬೆಲೆ ಹೋಲಿಸುವ ಆಧಾರವೇ ಕೈತಪ್ಪುತ್ತದೆ.

ಪರಿಶೋಧಕರು ಇಲ್ಲಿ ದರ ಹೆಚ್ಚಿಸಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದಿಲ್ಲ. ಹಾಲು ಉತ್ಪಾದಕರಿಗೆ ಬೂಸಾ, ಹಿಂಡಿಯ ಖರ್ಚು ಏರಿದಾಗ ದರ ಏರಲೇಬೇಕಾಗುತ್ತದೆ. ಅವರು ಕೇಳುವ ಪ್ರಶ್ನೆ ಬೇರೆ: ಏರಿಕೆಯನ್ನು ಏರಿಕೆ ಎಂದೇ ಹೇಳಿ, ಅದರಲ್ಲಿ ರೈತರಿಗೆ ಎಷ್ಟು ಹೋಗುತ್ತದೆ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿದ್ದರೆ ಗ್ರಾಹಕರ ಅನುಭವ ಹೇಗಿರುತ್ತಿತ್ತು? ಬೆಲೆ ಹೆಚ್ಚಾದದ್ದನ್ನು ಜನ ಕೆಲ ವಾರಗಳಲ್ಲಿ ಒಗ್ಗಿಸಿಕೊಳ್ಳುತ್ತಾರೆ, ತಮಗೆ ನೇರವಾಗಿ ಹೇಳಲಿಲ್ಲ ಎಂಬುದನ್ನು ಅಷ್ಟು ಬೇಗ ಮರೆಯುವುದಿಲ್ಲ.

ಬೂತಿನಲ್ಲಿ ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳುವ ‘ಫ್ರಿಡ್ಜ್ ಚಾರ್ಜ್’ ಕೂಡ ಇದೇ ಬಗೆಯದಾಗಿ ಕಾಣುತ್ತದೆ, ಆದರೆ ಅದರ ಮೂಲ ಬೇರೆ. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯುವುದಕ್ಕೆ ಕಾನೂನು ಮಾಪನ ನಿಯಮಗಳು ಅವಕಾಶ ಕೊಡುವುದಿಲ್ಲ. ನಿಯಮ ಸ್ಪಷ್ಟವಾಗಿದ್ದೂ ಮುರಿಯುತ್ತಿರುವುದರಿಂದ ಇದು ಮೂರನೆಯ ಅಂತರ. ಎಲ್ಲ ಊರಿನಲ್ಲೂ ಎಲ್ಲ ಬಗೆಯ ಅಂಗಡಿಯಲ್ಲೂ ಹೀಗೇ ಕಂಡರೆ ಕಮಿಷನ್ನಿನಿಂದ ಕರೆಂಟಿನ ಖರ್ಚು ಹುಟ್ಟುತ್ತಿದೆಯೇ ಎಂದು ಲೆಕ್ಕ ನೋಡಬೇಕು. ಒಂದೆರಡು ಕಡೆ ಮಾತ್ರ ಕಂಡರೆ ಆ ಅಂಗಡಿಗಳ ಮೇಲೆ ಕ್ರಮ ಕೈಗೊಳ್ಳಬೇಕು.

ಮಿತಿಗಳು

72 ಭೇಟಿಗಳ ಪರಿಶೋಧನೆ ಕಾರಣದ ಕಡೆ ಬೆರಳು ತೋರಬಲ್ಲದು, ಜಿಲ್ಲೆಯ ಶೇಕಡಾವಾರು ಲೆಕ್ಕ ಕೊಡಲಾರದು. ಆರು ಅಂಗಡಿಗಳಲ್ಲಿ ಎರಡರಲ್ಲಿ ಹಾಲು ಬೆಚ್ಚಗಿತ್ತು ಎಂದರೆ ಊರಿನ ಮೂರನೇ ಒಂದು ಭಾಗ ಅಂಗಡಿಗಳು ಹಾಗೇ ಎಂದು ಬರೆಯುವುದು ತಪ್ಪು.

ನಕಲಿ ಸರಕನ್ನು ಬೇರೆ ಮಾಡಿ ನೋಡದಿದ್ದರೆ ಇಡೀ ಪರಿಶೋಧನೆ ಹಾದಿ ತಪ್ಪುತ್ತದೆ. 2021ರ ಡಿಸೆಂಬರ್‌ನಲ್ಲಿ ಮೈಸೂರಿನ ಹೊರವಲಯದಲ್ಲಿ ನಂದಿನಿ ಹೆಸರಿನ ನಕಲಿ ತುಪ್ಪ ತಯಾರಿಸುತ್ತಿದ್ದ ಜಾಗವೊಂದು ಬೆಳಕಿಗೆ ಬಂತು. ಅಂಥ ತುಪ್ಪ ಕೊಂಡವರ ಕಹಿ ಅನುಭವ ನಿಜವೇ ಆದರೂ ಅದು ಸಂಸ್ಥೆ ಮಾಡಿದ ವಸ್ತುವಿನದಲ್ಲ. ಆದ್ದರಿಂದ ಮಾದರಿ ಸಂಗ್ರಹಿಸುವಾಗಲೇ ಬ್ಯಾಚ್ ಸಂಖ್ಯೆ ಬರೆದುಕೊಂಡು, ಆ ಬ್ಯಾಚ್ ಡೇರಿಯಿಂದ ಹೊರಟದ್ದು ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಕೊನೆಯದಾಗಿ, ಮನೆಯೊಳಗಿನ ದಾರಿಯೂ ದಾರಿಯೇ. ತಂದ ಪ್ಯಾಕೆಟ್ಟನ್ನು ಎರಡು ಗಂಟೆ ಅಡುಗೆ ಕಟ್ಟೆಯ ಮೇಲೆ ಬಿಟ್ಟು ಆಮೇಲೆ ಕಾಯಿಸಿದರೆ ಆ ಅಂತರ ಡೇರಿಯದೂ ಅಲ್ಲ, ಅಂಗಡಿಯದೂ ಅಲ್ಲ. ಎರಡು ವಾರದ ನೋಟುಪುಸ್ತಕದ ಬೆಲೆ ಗೊತ್ತಾಗುವುದು ಆಗಲೇ. ಅದರಲ್ಲಿ ತಂದ ಹೊತ್ತು ಮತ್ತು ಕಾಯಿಸಿದ ಹೊತ್ತು ಎರಡೂ ಇದ್ದರೆ, ‘ಹಾಲು ಒಡೆಯಿತು’ ಎಂಬ ಒಂದೇ ಮಾತು ಡೇರಿ, ಗಾಡಿ, ಮೆಟ್ಟಿಲು, ಫ್ರಿಡ್ಜ್, ಅಡುಗೆ ಕಟ್ಟೆ ಎಂಬ ಐದು ಜಾಗಗಳಲ್ಲಿ ಯಾವುದರದ್ದೆಂದು ಹೇಳಲು ಸಾಧ್ಯವಾಗುತ್ತದೆ. ಪರಿಶೋಧನೆಯ ವರದಿಯ ಮೊದಲ ಪುಟದಲ್ಲಿ ಇರಬೇಕಾದದ್ದೂ ಆ ಜಾಗದ ಹೆಸರೇ.